ಮೂರು ವಾರ ದಾಟಿದ ಬಾಯಿಹುಣ್ಣು: ತಂಬಾಕು ತಿನ್ನುವವರಲ್ಲಿ ಅನುಮಾನ ಎಲ್ಲಿಂದ ಶುರುವಾಗಬೇಕು

ಬಾಯಿಯಲ್ಲಿ ಹುಣ್ಣಾದಾಗ ಕಲಬುರಗಿ ಸೀಮೆಯ ಜನ ಮೊದಲು ಹೇಳುವ ಮಾತು ‘ಉಷ್ಣ ಆಗ್ಯಾದ’ ಎಂಬುದು. ಮೆಡಿಕಲ್ ಅಂಗಡಿಯಿಂದ ಒಂದು ಪಟ್ಟಿ ಬಿ-ಕಾಂಪ್ಲೆಕ್ಸ್ ಗುಳಿಗೆ ಮತ್ತು ಹಚ್ಚಿಕೊಳ್ಳಲು ಒಂದು ಜೆಲ್ ತರುತ್ತಾರೆ, ನಾಲ್ಕು ದಿನ ಖಾರ ಕಡಿಮೆ ಮಾಡುತ್ತಾರೆ, ಹುಣ್ಣು ಮಾಯುತ್ತದೆ. ಹೆಚ್ಚಿನ ಸಲ ಹೀಗೇ ಆಗುವುದರಿಂದ ಆ ಮಾತಿನ ಮೇಲೆ ಎಲ್ಲರಿಗೂ ನಂಬಿಕೆ ಕೂತಿದೆ. ಆದರೆ ಇಪ್ಪತ್ತು ವರ್ಷ ತಂಬಾಕು-ಸುಣ್ಣ ತಿಕ್ಕಿ ಗಲ್ಲದಲ್ಲಿ ಇಟ್ಟುಕೊಂಡವರ ಬಾಯಿಯಲ್ಲಿ, ಅದೇ ಜಾಗದಲ್ಲಿ, ಒಂದೇ ಒಂದು ಹುಣ್ಣು ಕಾಣಿಸಿಕೊಂಡು ಐದನೇ ವಾರಕ್ಕೂ ಹಾಗೆಯೇ ಉಳಿದಾಗಲೂ ಅದೇ ಮಾತನ್ನು ಹೇಳಿ ಅದೇ ಜೆಲ್ ಹಚ್ಚುವುದನ್ನು ಹಲ್ಲಿನ ವೈದ್ಯನಾಗಿ ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಾಮಾನ್ಯ ಬಾಯಿಹುಣ್ಣು ಎಂಬ ವಿವರಣೆ ಯಾವ ಹಂತದಲ್ಲಿ ಸೋಲುತ್ತದೆ, ಸೋತ ಮೇಲೆ ಏನು ಮಾಡಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಸಾಮಾನ್ಯ ಬಾಯಿಹುಣ್ಣನ್ನು ವೈದ್ಯರು ಆಫ್ತಸ್ ಹುಣ್ಣು ಎನ್ನುತ್ತಾರೆ. ಅದಕ್ಕೆ ಸಾಕಷ್ಟು ಖಚಿತವಾದ ಸ್ವಭಾವವಿದೆ. ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗಿ, ವರ್ಷಕ್ಕೆ ಕೆಲವು ಸಲ ಬಂದು ಹೋಗುತ್ತಿರುತ್ತದೆ. ಒಮ್ಮೆ ಕೆಳತುಟಿಯ ಒಳಗೆ, ಇನ್ನೊಮ್ಮೆ ನಾಲಿಗೆಯ ಕೆಳಗೆ, ಮತ್ತೊಮ್ಮೆ ಗಲ್ಲದ ಒಳಗೆ, ಹೀಗೆ ಜಾಗ ಬದಲಿಸುತ್ತದೆ. ಹುಣ್ಣು ದುಂಡಗೆ ಅಥವಾ ಅಂಡಾಕಾರದಲ್ಲಿ, ಬಹುಪಾಲು 10 ಮಿಲಿಮೀಟರಿಗಿಂತ ಚಿಕ್ಕದಾಗಿರುತ್ತದೆ. ನಡುವೆ ಹಳದಿ ಮಿಶ್ರಿತ ಬಿಳಿ ಪೊರೆ, ಸುತ್ತ ಕೆಂಪು ಉಂಗುರ, ಮತ್ತು ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ಹೆಚ್ಚೆನ್ನಿಸುವ ನೋವು. ಇದು 7ರಿಂದ 14 ದಿನಗಳಲ್ಲಿ ಕಲೆ ಉಳಿಸದೆ ಮಾಯುತ್ತದೆ. 10 ಮಿಲಿಮೀಟರಿಗಿಂತ ದೊಡ್ಡದಾಗುವ, ಆರು ವಾರದವರೆಗೂ ಉಳಿಯಬಲ್ಲ ಇನ್ನೊಂದು ಬಗೆಯೂ ಇದೆ ನಿಜ, ಆದರೆ ಅದು ಅಪರೂಪ; ಅಂಥ ರೋಗಿಗೆ ಹಿಂದಿನಿಂದಲೂ ಹುಣ್ಣುಗಳ ಚರಿತ್ರೆ ಇರುತ್ತದೆ. ನಲವತ್ತು ದಾಟಿದ ಮೇಲೆ ಜೀವನದಲ್ಲೇ ಮೊದಲ ಸಲ ಬಂದ ಒಂಟಿ ಹುಣ್ಣನ್ನು ಆ ಗುಂಪಿಗೆ ಸೇರಿಸಿಬಿಡುವುದು ಸುಲಭದ ದಾರಿಯೇ ಹೊರತು ಸರಿಯಾದ ದಾರಿ ಅಲ್ಲ.

ಮೂರು ವಾರ ಎಂಬ ಗಡುವು ಯಾರೋ ಮನಸ್ಸಿಗೆ ಬಂದಂತೆ ಹೇಳಿದ ಸಂಖ್ಯೆಯಲ್ಲ. ಬಾಯಿಯ ಒಳಗಿನ ಲೋಳೆಪೊರೆ ನಮ್ಮ ಚರ್ಮಕ್ಕಿಂತ ಬೇಗ ಹೊಸದಾಗುತ್ತದೆ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಿಹೋಗಲು ಗಲ್ಲದ ಒಳಭಾಗದಲ್ಲಿ ಸುಮಾರು ಎರಡು ವಾರ ಸಾಕು. ಆದ್ದರಿಂದ ಬಿಸಿ ಚಹಾದಿಂದ ಸುಟ್ಟ ಗಾಯವಾಗಲಿ, ಹಲ್ಲು ಕಚ್ಚಿ ಆದ ಗಾಯವಾಗಲಿ, ಆಫ್ತಸ್ ಹುಣ್ಣಾಗಲಿ, ಕಾರಣ ನಿಂತಮೇಲೆ ಎರಡು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಒಂದು ವಾರವನ್ನು ಹೆಚ್ಚುವರಿಯಾಗಿ ಕೊಟ್ಟರೂ ಮುಚ್ಚದ ಹುಣ್ಣು ಎಂದರೆ ಎರಡರಲ್ಲಿ ಒಂದು ನಡೆಯುತ್ತಿದೆ: ಗಾಯ ಮಾಡುವ ಕಾರಣ ಇನ್ನೂ ಅಲ್ಲೇ ಇದೆ, ಅಥವಾ ಆ ಜಾಗದ ಜೀವಕೋಶಗಳೇ ಮಾಯುವ ಗುಣ ಕಳೆದುಕೊಂಡಿವೆ. ಬ್ರಿಟನ್ನಿನ ಮಾರ್ಗಸೂಚಿಯೂ ಕಾರಣ ತಿಳಿಯದ ಬಾಯಿಹುಣ್ಣು ಮೂರು ವಾರ ಮೀರಿದರೆ ಕ್ಯಾನ್ಸರ್ ಶಂಕೆಯಲ್ಲಿ ತಜ್ಞರ ಬಳಿಗೆ ಕಳಿಸಬೇಕೆಂದು ಹೇಳುತ್ತದೆ. ಮೂರು ವಾರ ಎಂಬುದು ಕಾಯಬಹುದಾದ ಕೊನೆಯ ಮಿತಿ. ಹುಣ್ಣಿನ ಅಂಚು ಮೊದಲ ವಾರದಲ್ಲೇ ಗಟ್ಟಿಯಾಗಿ ಸಿಕ್ಕರೆ ಮೂರು ವಾರ ತುಂಬಲಿ ಎಂದು ಕೂರುವ ಅಗತ್ಯವಿಲ್ಲ.

ತಂಬಾಕು ತಿನ್ನುವವರ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಜನರ ತಿಳಿವಳಿಕೆಗೆ ತಿರುವುಮುರುವಾಗಿದೆ. ತಂಬಾಕು ಬಳಸುವವರಲ್ಲಿ ಆಫ್ತಸ್ ಹುಣ್ಣು ಹೆಚ್ಚಲ್ಲ, ಕಡಿಮೆ. ತಂಬಾಕಿನ ನಿರಂತರ ತಿಕ್ಕಾಟಕ್ಕೆ ಲೋಳೆಪೊರೆ ಅಂಗಾಲಿನ ಚರ್ಮದ ಹಾಗೆ ದಪ್ಪಗಟ್ಟುತ್ತದೆ, ದಪ್ಪಗಟ್ಟಿದ ಪೊರೆಯ ಮೇಲೆ ಆಫ್ತಸ್ ಹುಣ್ಣು ಸುಲಭವಾಗಿ ಏಳುವುದಿಲ್ಲ ಎಂಬುದು ಇದಕ್ಕೆ ಕೊಡುವ ಒಂದು ಕಾರಣ. ಅಂದಮೇಲೆ, ದಿನಕ್ಕೆ ಹತ್ತು ಸಲ ತಂಬಾಕು ಇಡುವವರ ಬಾಯಿಯಲ್ಲಿ, ಇಡುವ ಜಾಗದಲ್ಲೇ ಹುಣ್ಣು ಬಿದ್ದರೆ ‘ಸಾಮಾನ್ಯ ಹುಣ್ಣು’ ಎಂಬ ಸಾಧ್ಯತೆ ಬೇರೆಯವರಿಗಿಂತ ಕಡಿಮೆ ಇರುತ್ತದೆ. ಇದೇ ಸಂಗತಿಯ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಬೀಡಿ-ಸಿಗರೇಟು ಬಿಟ್ಟವರಲ್ಲಿ ಮೊದಲ ಕೆಲವು ವಾರ ಸಣ್ಣ ಹುಣ್ಣುಗಳು ಏಳುವುದು ಚೆನ್ನಾಗಿ ದಾಖಲಾಗಿದೆ. ತಂಬಾಕು ಬಿಟ್ಟವರೂ ‘ಬಿಟ್ಟ ಮ್ಯಾಲೇ ಹುಣ್ಣ ಆಗ್ಯಾವ್ರಿ’ ಎಂದು ಬರುತ್ತಾರೆ, ಕೆಲವರು ಅದೇ ನೆಪದಲ್ಲಿ ಮತ್ತೆ ಶುರು ಮಾಡುತ್ತಾರೆ. ಅವು ಸಣ್ಣವು, ಮೆತ್ತನೆಯವು, ನೋಯುವಂಥವು, ಎರಡು ವಾರದಲ್ಲಿ ಹೋಗುವಂಥವು. ತಂಬಾಕು ಇಡುತ್ತಿದ್ದ ಜಾಗದಲ್ಲಿ ಮೊದಲಿನಿಂದಲೂ ಇದ್ದ ಹುಣ್ಣಿಗೂ ಅವಕ್ಕೂ ಸಂಬಂಧವಿಲ್ಲ.

ಈಗ ಜಾಗದ ಮಾತು. ನಮ್ಮಲ್ಲಿ ತಂಬಾಕನ್ನು ಜಗಿದು ಉಗುಳುವವರಿಗಿಂತ ಸುಣ್ಣದೊಡನೆ ಅಂಗೈಯಲ್ಲಿ ತಿಕ್ಕಿ, ಕೆಳದವಡೆಯ ಹಲ್ಲುಗಳ ಹೊರಗೆ, ಗಲ್ಲ ಮತ್ತು ವಸಡಿನ ನಡುವಿನ ಸಂದಿಯಲ್ಲಿ ಇಟ್ಟು ರಸ ಇಳಿಯಲು ಬಿಡುವವರು ಬಹಳ. ಗುಟ್ಕಾ ಮಾರಾಟಕ್ಕೆ ಕರ್ನಾಟಕದಲ್ಲಿ 2013ರಲ್ಲೇ ನಿಷೇಧ ಬಂದರೂ, ಪಾನ್ ಮಸಾಲೆಯ ಪುಡಿಯನ್ನೂ ತಂಬಾಕಿನ ಪುಡಿಯನ್ನೂ ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬಾಯಲ್ಲೇ ಬೆರೆಸುವುದು ನಿಂತಿಲ್ಲ. ಸುಣ್ಣ ರಸವನ್ನು ಕ್ಷಾರೀಯ ಮಾಡುತ್ತದೆ. ಕ್ಷಾರದಲ್ಲಿ ನಿಕೋಟಿನ್ ಪೊರೆಯನ್ನು ದಾಟಿ ಬೇಗ ಒಳಹೋಗುತ್ತದೆ. ಅದರ ಜೊತೆಗೆ ತಂಬಾಕಿನಲ್ಲೇ ಇರುವ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಒಂದೇ ಅಂಗುಲದಷ್ಟು ಜಾಗದ ಮೇಲೆ ವರ್ಷಗಟ್ಟಲೆ ಇಳಿಯುತ್ತವೆ. ಭಾರತದಲ್ಲಿ ಬಾಯಿಯ ಕ್ಯಾನ್ಸರ್ ಈ ಗಲ್ಲ-ವಸಡಿನ ಸಂದಿಯಲ್ಲಿ ಹೆಚ್ಚಾಗಿ ಏಳುವುದು ಇದೇ ಕಾರಣಕ್ಕೆ. ಆದ್ದರಿಂದ ರೋಗಿ ಕೂತ ತಕ್ಷಣ ನಾನು ಕೇಳುವ ಮೊದಲ ಪ್ರಶ್ನೆ ‘ಎಷ್ಟು ತಿಂತೀರಿ’ ಎಂಬುದಲ್ಲ, ‘ಯಾವ ಬಾಜು ಇಡ್ತೀರಿ’ ಎಂಬುದು. ಬೆರಳು ತೋರಿಸಿದ ಜಾಗವೂ ಹುಣ್ಣಿರುವ ಜಾಗವೂ ಒಂದೇ ಆದರೆ ಅನುಮಾನದ ಅರ್ಧ ದಾರಿ ಅಲ್ಲಿಗೇ ಮುಗಿಯಿತು. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲು-ವಸಡಿಗೆ ಹಚ್ಚುವ ಹೆಂಗಸರಲ್ಲಿ ಮುಂದಿನ ವಸಡನ್ನೂ ಕೆಳತುಟಿಯ ಒಳಸಂದಿಯನ್ನೂ ಅಷ್ಟೇ ಜಾಗ್ರತೆಯಿಂದ ನೋಡಬೇಕು.

ಕಣ್ಣಿಗಿಂತ ಹೆಚ್ಚು ಹೇಳುವುದು ಬೆರಳು. ಕೈಗವಸು ಹಾಕಿದ ತೋರುಬೆರಳು ಬಾಯೊಳಗೆ, ಹೆಬ್ಬೆರಳು ಹೊರಗಿನ ಗಲ್ಲದ ಮೇಲೆ ಇಟ್ಟು, ಹುಣ್ಣನ್ನು ನಡುವೆ ಹಿಡಿದು ಮೆಲ್ಲಗೆ ಒತ್ತಿದಾಗ ಆಫ್ತಸ್ ಹುಣ್ಣಿನ ಅಂಚು ಸುತ್ತಲಿನ ಗಲ್ಲದಷ್ಟೇ ಮೆತ್ತಗಿರುತ್ತದೆ. ಕಣ್ಣು ಮುಚ್ಚಿಕೊಂಡರೆ ಹುಣ್ಣು ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದೇ ಕಷ್ಟ. ಕ್ಯಾನ್ಸರಿನ ಹುಣ್ಣು ಹಾಗಲ್ಲ. ಅದರ ಜೀವಕೋಶಗಳು ಬೇರಿನ ಹಾಗೆ ಕೆಳಗಿಳಿಯುವಾಗ ಸುತ್ತಲಿನ ಅಂಗಾಂಶ ನಾರುಗಟ್ಟಿಕೊಳ್ಳುತ್ತದೆ, ಆದ್ದರಿಂದ ಅಂಚು ಮತ್ತು ತಳ ಕಿವಿಯ ಮೇಲ್ಭಾಗದ ಮೃದ್ವಸ್ಥಿಯಷ್ಟು ಬಿಗಿಯಾಗಿ ಸಿಗುತ್ತದೆ. ಎಷ್ಟೋ ಸಲ ಕಣ್ಣಿಗೆ ಕಾಣುವ ಹುಣ್ಣು ಒಂದು ಸೆಂಟಿಮೀಟರ್ ಇದ್ದರೆ ಬೆರಳಿಗೆ ಸಿಗುವ ಗಟ್ಟಿಭಾಗ ಅದಕ್ಕಿಂತ ದೊಡ್ಡದಿರುತ್ತದೆ. ಅಂಚು ಹೊರಗೆ ಮಡಚಿಕೊಂಡು ಎದ್ದಿರುವುದು, ಮುಟ್ಟಿದರೆ ರಕ್ತ ಜಿನುಗುವುದು, ಪಕ್ಕದಲ್ಲಿ ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಮಚ್ಚೆ ಅಥವಾ ಮಖಮಲ್ಲಿನಂಥ ಕೆಂಪು ಮಚ್ಚೆ ಇರುವುದು, ಇವು ಅದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಇವುಗಳಲ್ಲಿ ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯದ್ದು, ಆದರೆ ರೋಗಿಗಳು ಬಿಳಿಗೆ ಹೆದರಿ ಕೆಂಪನ್ನು ಕಡೆಗಣಿಸುತ್ತಾರೆ.

ನೋವಿನ ವಿಷಯದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ಆಫ್ತಸ್ ಹುಣ್ಣು ತೀವ್ರ ಉರಿಯೂತದಿಂದ ಆಗುವುದರಿಂದ ಮೊದಲ ದಿನದಿಂದಲೇ ನೋಯುತ್ತದೆ. ಕ್ಯಾನ್ಸರಿನ ಹುಣ್ಣು ಆರಂಭದಲ್ಲಿ ಬಹಳ ಸಲ ನೋಯುವುದೇ ಇಲ್ಲ. ಖಾರ ತಾಗಿದಾಗ ಸ್ವಲ್ಪ ಉರಿ, ಅಷ್ಟೇ. ನರಕ್ಕೆ ತಾಗಿದಾಗ, ಸೋಂಕಾದಾಗ, ಮೂಳೆಯನ್ನು ಮುಟ್ಟಿದಾಗ ನೋವು ಬರುತ್ತದೆ. ಆ ಹೊತ್ತಿಗೆ ಕಿವಿಯಲ್ಲೂ ಸೆಳೆತ ಶುರುವಾಗಬಹುದು, ಏಕೆಂದರೆ ಕೆಳದವಡೆಗೆ ಹೋಗುವ ನರದ ಇನ್ನೊಂದು ಶಾಖೆ ಕಿವಿಯ ಮುಂಭಾಗಕ್ಕೂ ಹೋಗುತ್ತದೆ. ಕಿವಿಯಲ್ಲಿ ಏನೂ ದೋಷ ಕಾಣದೆ, ಅದೇ ಬದಿಯ ಬಾಯಲ್ಲಿ ಹುಣ್ಣಿದ್ದರೆ ಕಿವಿಗೆ ಹನಿ ಹಾಕುತ್ತ ದಿನ ಕಳೆಯಬಾರದು.

ಇದೆಲ್ಲ ಒಬ್ಬ ಮನುಷ್ಯನಲ್ಲಿ ಹೇಗೆ ಕೂಡಿಬರುತ್ತದೆ ಎಂಬುದನ್ನು ನೋಡೋಣ. ಗುರುತು ಸಿಗಬಾರದೆಂದು ಹಲವು ರೋಗಿಗಳ ವಿವರಗಳನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ. ಚಿತ್ತಾಪುರ ತಾಲೂಕಿನ ಕಡೆಯವರು, ವಯಸ್ಸು 46, ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ. ಇಪ್ಪತ್ತೆರಡು ವರ್ಷದಿಂದ ತಂಬಾಕು-ಸುಣ್ಣ, ದಿನಕ್ಕೆ ಎಂಟು-ಹತ್ತು ಸಲ, ಯಾವಾಗಲೂ ಎಡಗಲ್ಲದ ಕೆಳಸಂದಿಯಲ್ಲಿ. ನಾಗರಪಂಚಮಿಗೆ ಒಂದು ವಾರ ಮೊದಲು ರೊಟ್ಟಿಯ ಜೊತೆ ಖಾರ ಪುಂಡಿಪಲ್ಯ ತಿಂದಾಗ ಎಡಗಡೆ ಉರಿ ಎನಿಸಿತು. ಅಂಗಡಿಯ ಗುಳಿಗೆ ಮತ್ತು ಜೆಲ್ ಹತ್ತು ದಿನ. ಆಮೇಲೆ ಊರಿನಲ್ಲೇ ಒಬ್ಬರು ಕೊಟ್ಟ ಐದು ದಿನದ ಆ್ಯಂಟಿಬಯೋಟಿಕ್. ಆಮೇಲೆ ಬಾಯಿಹುಣ್ಣಿಗೆ ಹಚ್ಚುವ ಸ್ಟಿರಾಯ್ಡ್ ಪೇಸ್ಟು; ಅದನ್ನು ಹಚ್ಚಿದ ಮೇಲೆ ಕೆಂಪು ಇಳಿಯಿತು, ಉರಿ ಕಡಿಮೆಯಾಯಿತು, ವಾಸಿಯಾಗುತ್ತಿದೆ ಎಂದುಕೊಂಡರು. ನನ್ನ ಹತ್ತಿರ ಬಂದದ್ದು ಐದನೇ ವಾರದ ಕೊನೆಗೆ, ಅದೂ ಹುಣ್ಣಿಗಲ್ಲ, ಪಕ್ಕದ ದವಡೆಹಲ್ಲು ಚುಚ್ಚುತ್ತದೆ, ಕೀಳಿಸಬೇಕು ಎಂದು. ಹುಣ್ಣಿನ ಬಗ್ಗೆ ಕೇಳಿದಾಗ ಅವರು ಹೇಳಿದ್ದು: “ನೋವ ಇಲ್ರಿ ಸಾಹೇಬ್ರ. ನೋವಿದ್ದಿದ್ರ ಆವಾಗೇ ಬರ್ತಿದ್ದೆ.”

ಬಾಯಿ ಮುಕ್ಕಳಿಸಿ, ತಂಬಾಕಿನ ಚೂರುಗಳನ್ನೆಲ್ಲ ತೆಗೆದು, ಗಾಜ್ ಬಟ್ಟೆಯಿಂದ ಒರೆಸಿ, ಕನ್ನಡಿಯಿಂದ ಗಲ್ಲವನ್ನು ಹೊರಕ್ಕೆ ಎಳೆದು ನೋಡಿದಾಗ ಎಡ ಕೆಳದವಡೆಯ ಎರಡನೇ ದವಡೆಹಲ್ಲಿನ ಎದುರಿಗೆ 18 ಮಿಲಿಮೀಟರ್ ಉದ್ದ, 12 ಮಿಲಿಮೀಟರ್ ಅಗಲದ ಹುಣ್ಣು. ಮುಂದಿನ ಅಂಚು ಮೆತ್ತಗೆ, ಹಿಂದಿನ ಅಂಚು ಎದ್ದು ಗಟ್ಟಿ. ಅದರ ಮೇಲ್ಗಡೆ ಒರೆಸಿದರೆ ಹೋಗದ ಬಿಳಿ ಮಚ್ಚೆ. ಎರಡನೇ ದವಡೆಹಲ್ಲಿನ ಹೊರಮೂಲೆ ನಿಜವಾಗಿಯೂ ಮುರಿದು ಚೂಪಾಗಿತ್ತು, ಆದರೆ ಹಲ್ಲು ಅಲುಗಾಡುತ್ತಿರಲಿಲ್ಲ. ಬಾಯಿ ಮೂರು ಬೆರಳಿನಷ್ಟು ತೆರೆಯುತ್ತಿತ್ತು. ದವಡೆಯ ಕೆಳಗೆ, ಕತ್ತಿನ ಬದಿಯಲ್ಲಿ ಗಂಟು ಕೈಗೆ ಸಿಗಲಿಲ್ಲ.

ಈ ಚೂಪು ಹಲ್ಲಿನಿಂದ ಪ್ರಕರಣ ಸ್ವಲ್ಪ ಗೋಜಲಾಗುತ್ತದೆ, ಇಲ್ಲಿ ನಿಧಾನಿಸಬೇಕು. ಮುರಿದ ಹಲ್ಲಿನಿಂದ ಆದ ಗಾಯ ಮೂರು ವಾರ ಮೀರಿಯೂ ಉಳಿಯಬಲ್ಲದು, ಏಕೆಂದರೆ ಪ್ರತಿ ತುತ್ತಿಗೂ ಹೊಸ ಗಾಯವಾಗುತ್ತದೆ. ಹಳೆಯದಾದರೆ ಅದರ ಅಂಚೂ ಸ್ವಲ್ಪ ಬಿಗಿಯಾಗುತ್ತದೆ. ಆದ್ದರಿಂದ ಒಂದು ರೂಢಿಯಿದೆ: ಚೂಪು ಮೂಲೆಯನ್ನು ತಿಕ್ಕಿ ನಯಮಾಡಿ, ತಂಬಾಕು ಪೂರ್ತಿ ನಿಲ್ಲಿಸಿ, ಎರಡು ವಾರ ಬಿಟ್ಟು ಮತ್ತೆ ನೋಡುವುದು. ಮಾದನ ಹಿಪ್ಪರಗಿ ಕಡೆಯ ಒಬ್ಬ ಅಜ್ಜಿಯ ನಾಲಿಗೆಯ ಬದಿಯಲ್ಲಿ ನಾಲ್ಕು ವಾರದ ಹುಣ್ಣಿತ್ತು, ಮಿಶ್ರಿ ಹಚ್ಚುತ್ತಿದ್ದರು. ಎದುರಿನ ಹಲ್ಲಿನ ಮುರುಕನ್ನು ನಯಮಾಡಿದ ಹನ್ನೆರಡನೇ ದಿನಕ್ಕೆ ಅದು ಪೂರ್ತಿ ಮುಚ್ಚಿತು, ಮುಟ್ಟಿದರೆ ಮೆತ್ತಗಿತ್ತು. ಆ ಹುಣ್ಣು ಮೊದಲೇ ಮೆತ್ತಗಿತ್ತು, ಹಲ್ಲಿನ ಮುರುಕು ಸರಿಯಾಗಿ ಅದರೊಳಗೆ ಕೂರುತ್ತಿತ್ತು. ಗಣಿಯ ಕೆಲಸಗಾರರ ಹುಣ್ಣಿನಲ್ಲಿ ಹಾಗಿರಲಿಲ್ಲ: ಬಾಯಿ ಮುಚ್ಚಿದಾಗ ಚೂಪು ಮೂಲೆ ತಾಗುತ್ತಿದ್ದುದು ಹುಣ್ಣಿನ ಮುಂದಿನ ಮೆತ್ತನೆಯ ಅಂಚಿಗೆ, ಗಟ್ಟಿಭಾಗ ಅದರಿಂದ ಹಿಂದಕ್ಕಿತ್ತು. ಅಂದರೆ ಹಲ್ಲು ಅಲ್ಲೊಂದು ಗಾಯ ಮಾಡಿದ್ದು ನಿಜ, ಆದರೆ ಗಟ್ಟಿತನಕ್ಕೆ ಅದು ಉತ್ತರವಾಗಲಿಲ್ಲ. ಇಂಥಲ್ಲಿ ಹಲ್ಲನ್ನೂ ನಯಮಾಡಬೇಕು, ಹುಣ್ಣಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನೂ ಅದೇ ವಾರ ಮಾಡಬೇಕು. ಎರಡು ವಾರದ ರಿಯಾಯಿತಿ ಗಟ್ಟಿ ಅಂಚಿಗೆ ಸಲ್ಲುವುದಿಲ್ಲ. ಕಾಣುವ ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸುವುದು ವೈದ್ಯರೂ ಮಾಡುವ ತಪ್ಪು.

ಮಾಯದ ಹುಣ್ಣಿಗೆ ಬೇರೆ ಕಾರಣಗಳೂ ಉಂಟು. ಸುಣ್ಣ ಹೆಚ್ಚಾಗಿ ಸುಟ್ಟ ಗಾಯ ಬಿಳಿ ಪೊರೆಯಂತೆ ಸುಲಿದು ಬರುತ್ತದೆ, ಬಳಕೆ ನಿಲ್ಲಿಸಿದರೆ ಒಂದೆರಡು ವಾರದಲ್ಲಿ ಹೋಗುತ್ತದೆ. ಶ್ವಾಸಕೋಶದ ಕ್ಷಯ ಇರುವವರಿಗೆ ನಾಲಿಗೆಯ ಮೇಲೆ ಮಾಯದ ಹುಣ್ಣಾಗಬಹುದು. ಬಾಯಿಯಲ್ಲಿ ಹಲವೆಡೆ ಒಂದೇ ಸಲ ಹುಣ್ಣುಗಳಿದ್ದು ಚರ್ಮದ ಮೇಲೂ ಗುಳ್ಳೆಗಳಿದ್ದರೆ ಯೋಚನೆ ಬೇರೆ ಕಡೆಗೆ ಹೋಗಬೇಕು. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಕೆಲವು ಔಷಧಗಳೂ ಹುಣ್ಣು ಮಾಡುತ್ತವೆ, ಹಾಗಾಗಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನು ರೋಗಿ ತರಬೇಕು. ಇವುಗಳಲ್ಲಿ ಹಲವನ್ನು ಬೇರ್ಪಡಿಸುವುದೂ ಕೊನೆಗೆ ಬಯಾಪ್ಸಿಯೇ.

ಗಣಿಯ ಕೆಲಸಗಾರರ ಆ ಐದು ವಾರಗಳಲ್ಲಿ ಆದ ಎರಡು ಸಂಗತಿಗಳು ನಮ್ಮ ಭಾಗದಲ್ಲಿ ತಿರುತಿರುಗಿ ಆಗುವಂಥವು. ಮೊದಲನೆಯದು ಸ್ಟಿರಾಯ್ಡ್ ಪೇಸ್ಟು. ಅದು ಆಫ್ತಸ್ ಹುಣ್ಣಿಗೆ ಒಳ್ಳೆಯ ಔಷಧವೇ. ಆದರೆ ಅದು ಕಡಿಮೆ ಮಾಡುವುದು ಉರಿಯೂತವನ್ನು; ಕ್ಯಾನ್ಸರಿನ ಹುಣ್ಣಿನ ಸುತ್ತ ಇರುವ ಉರಿಯೂತವೂ ಅದರಿಂದ ಇಳಿಯುತ್ತದೆ, ಗಟ್ಟಿಭಾಗ ಮಾತ್ರ ಇದ್ದಲ್ಲೇ ಬೆಳೆಯುತ್ತಿರುತ್ತದೆ. ಹೀಗಾಗಿ ‘ಹಚ್ಚಿದ್ರ ಆರಾಮ ಅನಿಸ್ತದ’ ಎಂಬುದು ರೋಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ನೋಡಬೇಕಾದದ್ದು ಹುಣ್ಣಿನ ಅಳತೆ. ಎರಡನೆಯದು ಹಲ್ಲು ಕೀಳಿಸುವ ಒತ್ತಾಯ. ವಸಡಿನ ಪಕ್ಕದ ಗೆಡ್ಡೆ ಮೂಳೆಯನ್ನು ತಿಂದಾಗ ಹಲ್ಲು ಅಲುಗಾಡುತ್ತದೆ, ಹುಳುಕೂ ಇಲ್ಲದ ಒಂದೇ ಹಲ್ಲು ತಾನಾಗಿ ಸಡಿಲವಾಗುತ್ತದೆ. ಅದನ್ನು ಕಿತ್ತರೆ ಆ ಗುಳಿ ಮುಚ್ಚುವುದಿಲ್ಲ, ಗೆಡ್ಡೆಗೆ ಮೂಳೆಯೊಳಗೆ ಇಳಿಯಲು ದಾರಿ ತೆರೆದಂತಾಗುತ್ತದೆ. ಕಿತ್ತ ಗುಳಿ ಮೂರು ವಾರಕ್ಕೂ ಮುಚ್ಚದೆ ಮಾಂಸ ಬೆಳೆದಿದ್ದರೆ ಅದನ್ನೂ ಮಾಯದ ಹುಣ್ಣೆಂದೇ ಎಣಿಸಬೇಕು. ಹುಣ್ಣಿನ ಪಕ್ಕದ ಹಲ್ಲನ್ನು ಕೀಳುವ ಮೊದಲು ಹುಣ್ಣು ಏನೆಂದು ತಿಳಿಯಬೇಕು. ಅವರ ಹಲ್ಲನ್ನು ನಾನು ಕೀಳಲಿಲ್ಲ.

ಬಯಾಪ್ಸಿ ಎಂದ ಕೂಡಲೇ ಅವರ ಹೆಂಡತಿ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ: “ಚಾಕು ಹಚ್ಚಿದ್ರ ಅದು ಹಬ್ಬತದಂತಲ್ರಿ?” ಈ ಭಯವನ್ನು ಬೈದು ಓಡಿಸಲಾಗದು. ಇದು ಹುಟ್ಟಿರುವುದು ಕಣ್ಣಾರೆ ಕಂಡ ಅನುಭವದಿಂದ: ಬಹಳ ತಡವಾಗಿ ಬಂದವರಿಗೆ ಬಯಾಪ್ಸಿ ಆಗುತ್ತದೆ, ಕೆಲವು ತಿಂಗಳಲ್ಲಿ ಅವರು ತೀರಿಹೋಗುತ್ತಾರೆ, ಊರವರ ನೆನಪಿನಲ್ಲಿ ಉಳಿಯುವುದು ಚಾಕು. ಅವರನ್ನು ಕೊಂದದ್ದು ಮೊದಲೇ ಹಬ್ಬಿದ್ದ ರೋಗ. ಬಾಯಿಯ ಹುಣ್ಣಿನಿಂದ ಸಣ್ಣ ತುಣುಕು ತೆಗೆದದ್ದರಿಂದ ಕ್ಯಾನ್ಸರ್ ಹಬ್ಬಿ ರೋಗಿಯ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಮತ್ತು ಬಯಾಪ್ಸಿಯ ವರದಿಯಿಲ್ಲದೆ ಯಾವ ಕ್ಯಾನ್ಸರ್ ಆಸ್ಪತ್ರೆಯೂ ಚಿಕಿತ್ಸೆ ಶುರು ಮಾಡುವುದಿಲ್ಲ.

ಕೆಲಸ ಸಣ್ಣದು. ರಕ್ತದೊತ್ತಡ, ಸಕ್ಕರೆ, ರಕ್ತ ತೆಳುವಾಗಿಸುವ ಗುಳಿಗೆ ಇವುಗಳ ವಿಚಾರಣೆ ಮೊದಲು. ಗುಳಿಗೆಯನ್ನು ರೋಗಿ ತಾನೇ ನಿಲ್ಲಿಸಬಾರದು. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಸೂಜಿ ಕೊಟ್ಟು, ಹುಣ್ಣಿನ ಅಂಚಿನಿಂದ ಕಡಲೆಬೇಳೆಯಷ್ಟು ತುಣುಕನ್ನು ಚಾಕುವಿನಿಂದ ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ರೋಗಿ ಎದ್ದು ಮನೆಗೆ ಹೋಗಬಹುದು. ತುಣುಕನ್ನು ಎಲ್ಲಿಂದ ತೆಗೆದರು ಎಂಬುದೇ ಇಡೀ ಪರೀಕ್ಷೆಯ ಪ್ರಾಣ. ಹುಣ್ಣಿನ ನಡುಭಾಗದಲ್ಲಿ ಇರುವುದು ಸತ್ತ ಅಂಗಾಂಶ ಮತ್ತು ಕೀವು. ಅಲ್ಲಿಂದ ತೆಗೆದರೆ ವರದಿಯಲ್ಲಿ ‘ಉರಿಯೂತ’ ಎಂದಷ್ಟೇ ಬರುತ್ತದೆ. ಗಟ್ಟಿಯಾದ ಅಂಚಿನಿಂದ, ಪೊರೆಯ ಕೆಳಗಿನ ಪದರವೂ ಬರುವಷ್ಟು ಆಳವಾಗಿ ತೆಗೆಯಬೇಕು, ಇಲ್ಲದಿದ್ದರೆ ಜೀವಕೋಶಗಳು ಕೆಳಗಿಳಿದಿವೆಯೇ ಎಂದು ಹೇಳಲಾಗದು. ಹುಣ್ಣು ಸಣ್ಣದಿದೆ ಎಂದು ಪೂರ್ತಿ ಕತ್ತರಿಸಿ ತೆಗೆದುಬಿಡುವುದೂ ತಪ್ಪು, ಏಕೆಂದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡುವವರಿಗೆ ಗಡಿ ಎಲ್ಲಿತ್ತು ಎಂಬ ಗುರುತೇ ಉಳಿಯುವುದಿಲ್ಲ. ತುಣುಕು 10 ಪ್ರತಿಶತ ಫಾರ್ಮಲಿನ್‌ನಲ್ಲಿ ಪ್ರಯೋಗಾಲಯಕ್ಕೆ ಹೋಗಬೇಕು. ನೀರಿನಲ್ಲೋ ಸಲೈನ್‌ನಲ್ಲೋ ಇಟ್ಟರೆ ಕೊಳೆತು ಪರೀಕ್ಷೆ ಕೆಡುತ್ತದೆ. ವರದಿ ಸಾಮಾನ್ಯವಾಗಿ ಒಂದು ವಾರದಲ್ಲಿ ಬರುತ್ತದೆ.

ಬಯಾಪ್ಸಿಗೆ ಒಂದು ಮಿತಿಯಿದೆ, ಅದನ್ನು ರೋಗಿಗೆ ಮೊದಲೇ ಹೇಳಬೇಕು. ವರದಿಯಲ್ಲಿ ಕ್ಯಾನ್ಸರ್ ಕಂಡರೆ ಅದು ಖಚಿತ. ಕಾಣದಿದ್ದರೆ, ತೆಗೆದ ತುಣುಕಿನಲ್ಲಿ ಇಲ್ಲ ಎಂದಷ್ಟೇ ಅರ್ಥ. ಹುಣ್ಣು ಆಮೇಲೂ ಮಾಯದೆ ಗಟ್ಟಿಯಾಗಿಯೇ ಇದ್ದರೆ ಇನ್ನೊಂದು ಜಾಗದಿಂದ ಮತ್ತೆ ತೆಗೆಯಬೇಕು. ‘ರಿಪೋರ್ಟ್ ನಾರ್ಮಲ್’ ಎಂದು ಹೇಳಿಸಿಕೊಂಡು ಮನೆಗೆ ಹೋಗಿ ಆರು ತಿಂಗಳ ನಂತರ ಬಾಯಿ ತೆರೆಯಲಾಗದೆ ಬಂದವರನ್ನು ನೋಡಿದಾಗ ಆಗುವ ಸಂಕಟ ಹೇಳತೀರದು. ನೀಲಿ ಬಣ್ಣ ಹಚ್ಚಿ ನೋಡುವ ಪರೀಕ್ಷೆ, ಬ್ರಶ್ಶಿನಿಂದ ಕೆರೆದು ನೋಡುವ ಪರೀಕ್ಷೆ ಇವೂ ಇವೆ, ಆದರೆ ಅವು ಬಯಾಪ್ಸಿಯ ಬದಲಿಗೆ ನಿಲ್ಲುವುದಿಲ್ಲ.

ಎಲ್ಲಿಗೆ ಹೋಗಬೇಕು ಎಂಬುದು ನಮ್ಮ ಭಾಗದಲ್ಲಿ ದೊಡ್ಡ ತೊಡಕಲ್ಲ. ಕಲಬುರಗಿಯ ದಂತವೈದ್ಯಕೀಯ ಕಾಲೇಜುಗಳಲ್ಲಿ ಬಾಯಿಯ ಶಸ್ತ್ರಚಿಕಿತ್ಸೆಯ ವಿಭಾಗವೂ ಬಾಯಿಯ ಪೆಥಾಲಜಿ ವಿಭಾಗವೂ ಒಂದೇ ಕಟ್ಟಡದಲ್ಲಿರುತ್ತವೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೂ ಹೋಗಬಹುದು. ಕಿವಿ-ಮೂಗು-ಗಂಟಲು ವಿಭಾಗ ಅಥವಾ ದಂತವಿಭಾಗದಲ್ಲಿ ತೋರಿಸಿದರೆ ಸಾಕು. ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸಿಗುತ್ತದೆ, ಆದ್ದರಿಂದ ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗಿರಲಿ. ಮೂವತ್ತು ದಾಟಿದವರ ಬಾಯಿಯನ್ನು ನೋಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ತಪಾಸಣೆಯಲ್ಲೂ ಸೇರಿದೆ. ಟಾರ್ಚು ಹಿಡಿದು ಬಾಯಿ ನೋಡುವ ಇಂಥ ಸರಳ ತಪಾಸಣೆಯನ್ನು ಕೇರಳದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಇಳಿದದ್ದನ್ನು 2005ರಲ್ಲಿ ಪ್ರಕಟಿಸಿದರು.

ಗಣಿಯ ಕೆಲಸಗಾರರ ವರದಿ ಆರನೇ ದಿನ ಬಂತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯ ಪೊರೆಯ ಜೀವಕೋಶಗಳಿಂದ ಎದ್ದ ಕ್ಯಾನ್ಸರ್. ಮುಂದಿನದು ಸಿಟಿ ಸ್ಕ್ಯಾನ್. ಅದನ್ನು ಮಾಡುವಾಗ ಗಲ್ಲ ಉಬ್ಬಿಸಿ ಗಾಳಿ ಹಿಡಿದುಕೊಳ್ಳಲು ಹೇಳುತ್ತಾರೆ, ಏಕೆಂದರೆ ಗಲ್ಲವೂ ವಸಡೂ ಅಂಟಿಕೊಂಡಿದ್ದರೆ ಗೆಡ್ಡೆ ಯಾವುದರಿಂದ ಎದ್ದಿದೆ ಎಂದು ಚಿತ್ರದಲ್ಲಿ ತಿಳಿಯುವುದಿಲ್ಲ. ಮೂಳೆಗೆ ತಾಗಿರಲಿಲ್ಲ, ಕತ್ತಿನ ಗ್ರಂಥಿಗಳು ದೊಡ್ಡದಾಗಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆಯನ್ನು ಸುತ್ತ ಸುಮಾರು ಒಂದು ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶದ ಸಮೇತ ತೆಗೆದರು, ಅದೇ ಬದಿಯ ಕತ್ತಿನ ಗ್ರಂಥಿಗಳನ್ನೂ ತೆಗೆದರು. ಗಂಟು ಕೈಗೆ ಸಿಗದಿದ್ದರೂ ಕತ್ತಿಗೆ ಏಕೆ ಕೈಹಾಕಬೇಕು ಎಂದು ಮನೆಯವರು ಕೇಳಿದರು, ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಿಂದ: ಆರಂಭದ ಹಂತದ ಬಾಯಿಯ ಕ್ಯಾನ್ಸರಿನಲ್ಲಿ ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ 80 ಪ್ರತಿಶತ ಜನ ಬದುಕಿದ್ದರು, ಗಂಟು ಕಾಣಿಸಿಕೊಂಡ ಮೇಲೆ ತೆಗೆಯೋಣ ಎಂದು ಕಾದ ಗುಂಪಿನಲ್ಲಿ 67.5 ಪ್ರತಿಶತ.

ತೆಗೆದ ಗೆಡ್ಡೆಯ ಅಡ್ಡಳತೆ 2 ಸೆಂಟಿಮೀಟರಿನೊಳಗೆ, ಆಳ 4 ಮಿಲಿಮೀಟರ್, ಗ್ರಂಥಿಗಳಲ್ಲಿ ರೋಗವಿಲ್ಲ. ಅದು ಮೊದಲನೇ ಹಂತ. ಈ ಆಳದ ಲೆಕ್ಕವೇ ವಾರಗಳ ಬೆಲೆಯನ್ನು ತೋರಿಸುವುದು. ಆಳ 5 ಮಿಲಿಮೀಟರ್ ದಾಟಿದ್ದರೆ ಎರಡನೇ ಹಂತ, ದವಡೆಯ ಮೂಳೆಯನ್ನು ಕೊರೆದು ಒಳಹೊಕ್ಕಿದ್ದರೆ ನೇರವಾಗಿ ನಾಲ್ಕನೇ ಹಂತ. ಆಗ ದವಡೆಯ ತುಂಡನ್ನೂ ತೆಗೆದು, ಕಾಲಿನ ಮೂಳೆಯಿಂದ ದವಡೆ ಕಟ್ಟಿ, ಮೇಲೆ ರೇಡಿಯೇಷನ್ ಕೊಡಬೇಕಾಗುತ್ತದೆ. ಅವರಿಗೆ ರೇಡಿಯೇಷನ್ ಬೇಕಾಗಲಿಲ್ಲ, ದವಡೆ ಉಳಿಯಿತು. ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಬಲಗಡೆಯಿಂದ ತಿನ್ನುತ್ತಾರೆ.

ತಂಬಾಕು ಒಂದು ಜಾಗದ ಪೊರೆಯನ್ನಷ್ಟೇ ಕೆಡಿಸಿರುವುದಿಲ್ಲ, ಆದ್ದರಿಂದ ಬಾಯಿಯ ಇನ್ನೊಂದು ಕಡೆಯಲ್ಲಿ ಹೊಸದಾಗಿ ಎರಡನೇ ಕ್ಯಾನ್ಸರ್ ಏಳುವ ಸಾಧ್ಯತೆ ಚಿಕಿತ್ಸೆಯ ನಂತರವೂ ಉಳಿಯುತ್ತದೆ. ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು ಅದಕ್ಕಾಗಿಯೇ. ಹದಿನಾಲ್ಕನೇ ತಿಂಗಳಲ್ಲಿ ಅವರು ಗಾಬರಿಯಿಂದ ಬಂದರು, ಕೆಳತುಟಿಯ ಒಳಗೆ ಹುಣ್ಣು. 4 ಮಿಲಿಮೀಟರ್, ದುಂಡಗೆ, ಸುತ್ತ ಕೆಂಪು, ಮುಟ್ಟಿದರೆ ಮೆತ್ತಗೆ, ತುಟಿ ಮುಟ್ಟಗೊಡದಷ್ಟು ನೋವು. ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಮಾಡಿಕೊಳ್ಳಲು ಹೇಳಿ ಕಳಿಸಿದೆ. ಒಂಬತ್ತನೇ ದಿನ ಅದು ಇರಲಿಲ್ಲ.